ಊರಿನ ಹಿರಿಯರ ಸಂದರ್ಶನ: ಪ್ರಶ್ನೆಪಟ್ಟಿ ಮತ್ತು ಚಿತ್ರೀಕರಣ ಯೋಜನೆ

ತಂಡದ ನಾಲ್ವರಿಗೂ: ಪ್ರಶ್ನೆ ಕೇಳುವವರು, ಕ್ಯಾಮೆರಾದವರು, ಧ್ವನಿಯವರು, ಟಿಪ್ಪಣಿ ಬರೆದುಕೊಳ್ಳುವವರು. ಶೂಟಿಂಗ್ ಹಿಂದಿನ ರಾತ್ರಿ ಒಮ್ಮೆ ಪೂರ್ತಿ ಓದಿ. ಅಲ್ಲಿ ಹೋದ ಮೇಲೆ ಹಾಳೆ ತಿರುವಿ ನೋಡುತ್ತ ಕೂರಬೇಡಿ.

ಏನು ಮಾಡುತ್ತಿದ್ದೇವೆ

ಮುಗಿದಾಗ ವಿಡಿಯೊ ಇಪ್ಪತ್ತೈದು ನಿಮಿಷ ಇರಬೇಕು. ಐವರು ಹಿರಿಯರು: ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು, ನಿವೃತ್ತ ಅಂಚೆಯಣ್ಣ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಅಮ್ಮ, ಟಾಕೀಸಿನ ಆಪರೇಟರ್, ಸೂಲಗಿತ್ತಿ ಅಜ್ಜಿ. ಊರಿನ ಇತಿಹಾಸ ಹೇಳಿ ಎಂದು ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ಶಾಲೆಯ ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ, ಇಲ್ಲವೇ "ನನಗೇನು ಗೊತ್ತು, ಮೇಷ್ಟ್ರನ್ನು ಕೇಳಿ" ಅನ್ನುತ್ತಾರೆ. ಅವರು ಕೈಯಾರೆ ಮಾಡಿದ ಕೆಲಸ ಕೇಳೋಣ. ಊರು ಅದರ ಹಿಂದೆಯೇ ಬರುತ್ತದೆ: ಓಲೆ ಹಂಚಿದವರಿಗೆ ಪ್ರತಿ ಬಾಗಿಲೂ ಗೊತ್ತು, ತಂತಿ ಜೋಡಿಸಿದವರಿಗೆ ಯಾರು ಯಾರೊಡನೆ ಮಾತಾಡುತ್ತಿದ್ದರೆಂದು ಗೊತ್ತು. ಇಸವಿ, ಕಟ್ಟಡದ ಹೆಸರು, ಅಧ್ಯಕ್ಷರ ಪಟ್ಟಿ ಇವೆಲ್ಲ ಕಚೇರಿಯ ಕಡತದಲ್ಲಿ ಸಿಗುತ್ತವೆ, ಅದಕ್ಕಾಗಿ ಅಜ್ಜಿಯ ಬೆಳಗು ಹಾಳು ಮಾಡಬೇಕಿಲ್ಲ.

ಮುಂಚಿನ ಭೇಟಿ

ಪ್ರತಿಯೊಬ್ಬರ ಮನೆಗೂ ಒಂದು ವಾರ ಮೊದಲು ಕ್ಯಾಮೆರಾ ಇಲ್ಲದೆ ಹೋಗುತ್ತೇವೆ. ಅವತ್ತು ಕಥೆ ಕೇಳಬೇಡಿ. ಶುರುಮಾಡಿದರೆ, "ಅಜ್ಜಾ, ಇದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ" ಎಂದು ನಗುತ್ತ ನಿಲ್ಲಿಸಿ. ಎರಡನೇ ಸಲ ಹೇಳುವಾಗ "ಅವತ್ತೇ ಹೇಳಿದೆನಲ್ಲ" ಎಂಬ ಮಾತು ಸೇರಿಕೊಂಡು ಕಥೆ ಮೊಟಕಾಗುತ್ತದೆ.

ಅವತ್ತು ನೋಡಬೇಕಾದ್ದು: ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬೆಳಕು ಬರುತ್ತದೆ, ಯಾವ ಕುರ್ಚಿಯಲ್ಲಿ ಅವರು ಸಲೀಸಾಗಿ ಕೂರುತ್ತಾರೆ (ಕಿರುಗುಟ್ಟದ ಕುರ್ಚಿ), ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಔಷಧಿ ಮತ್ತು ನಿದ್ದೆಯ ಹೊತ್ತು ಯಾವುದು. ಹಳೆಯ ಫೋಟೊ, ಕೆಲಸದ ಉಪಕರಣ, ಗುರುತಿನ ಚೀಟಿ ಏನಿದ್ದರೂ ತೆಗೆದಿಡಲು ಹೇಳಿ.

ಒಪ್ಪಿಗೆ ಪತ್ರವನ್ನು ಅಂದೇ ಗಟ್ಟಿಯಾಗಿ ಓದಿ ಹೇಳಬೇಕು. ಅದರಲ್ಲಿರುವುದು ಇಷ್ಟು:

"ಈ ವಿಡಿಯೊವನ್ನು ಊರಿನ ಗ್ರಂಥಾಲಯದಲ್ಲಿ ತೋರಿಸುತ್ತೇವೆ, ಅಂತರ್ಜಾಲದಲ್ಲೂ ಹಾಕುತ್ತೇವೆ. ಪೂರ್ತಿ ರೆಕಾರ್ಡಿಂಗ್ ಗ್ರಂಥಾಲಯದಲ್ಲಿ ಉಳಿಯುತ್ತದೆ. ಯಾವ ಪ್ರಶ್ನೆಗೆ ಬೇಕಾದರೂ ನೀವು ಬೇಡ ಅನ್ನಬಹುದು. ಸಂಪಾದನೆ ಮುಗಿದ ಮೇಲೆ ಮೊದಲು ನಿಮಗೇ ತೋರಿಸುತ್ತೇವೆ, ಆಗ ತೆಗೆಯಿರಿ ಎಂದ ಭಾಗವನ್ನು ತೆಗೆಯುತ್ತೇವೆ."

ಮಗನೋ ಸೊಸೆಯೋ ಒಪ್ಪಿದರೆ ಸಾಲದು. ಹಿರಿಯರೇ ಒಪ್ಪಬೇಕು.

ವೇಳಾಪಟ್ಟಿ

ಎಲ್ಲ ಸಂದರ್ಶನಗಳೂ ಬೆಳಿಗ್ಗೆ ಹತ್ತಕ್ಕೆ. ನಾವು ಒಂಬತ್ತಕ್ಕೆ ತಲುಪಬೇಕು, ಒಂಬತ್ತೂ ಮುಕ್ಕಾಲಿಗೆ ಸ್ಟ್ಯಾಂಡು, ತಂತಿ ಎಲ್ಲ ಸಿದ್ಧವಾಗಿರಬೇಕು. ಅವರು ಕೂತ ಮೇಲೆ ನಾವು ಪರದಾಡಿದರೆ ಅವರಿಗೂ ಗಾಬರಿ.

ಸೋಮವಾರ ಅಚ್ಚುಕೂಟದ ಅಜ್ಜ. ಮಂಗಳವಾರ ಅಂಚೆಯಣ್ಣ, ಬಿಸಿಲು ಇಳಿದ ಮೇಲೆ ಅವರೊಂದಿಗೆ ಅವರ ಹಳೆಯ ಹಾದಿಯಲ್ಲಿ ನಡಿಗೆ. ಬುಧವಾರ ಎಕ್ಸ್‌ಚೇಂಜಿನ ಅಮ್ಮ. ಗುರುವಾರ ಟಾಕೀಸಿನ ಆಪರೇಟರ್. ಶುಕ್ರವಾರ ಸೂಲಗಿತ್ತಿ ಅಜ್ಜಿ. ಶನಿವಾರ ಖಾಲಿ: ಯಾರಿಗಾದರೂ ಮೈ ಸರಿಯಿಲ್ಲದೆ ಮುಂದೂಡಿದರೆ ಬೇಕಾಗುತ್ತದೆ. ಭಾನುವಾರ ಬೀದಿಯ ಶಾಟ್‌ಗಳು.

ಅಜ್ಜಿಯನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅವರಿಗೆ ತೊಂಬತ್ತು ದಾಟಿದೆ. ಅಷ್ಟು ಹೊತ್ತಿಗೆ ನಮ್ಮ ಕೈ ಪಳಗಿರುತ್ತದೆ. ಅವರೊಂದಿಗೆ ನಲವತ್ತು ನಿಮಿಷ ಮೀರಬಾರದು, ಉಳಿದವರೊಂದಿಗೆ ಒಂದು ಗಂಟೆ, ನಡುವೆ ವಿರಾಮ.

ಕ್ಯಾಮೆರಾ

ಕ್ಯಾಮೆರಾ ಎರಡು. ಮೊದಲನೆಯದು ಕೂತವರ ಕಣ್ಣಿನ ಮಟ್ಟದಲ್ಲಿ, ಎದೆಯಿಂದ ಮೇಲಕ್ಕೆ. ಸಂದರ್ಶನ ಮುಗಿಯುವವರೆಗೆ ಅದನ್ನು ಮುಟ್ಟುವಂತಿಲ್ಲ. ಎರಡನೆಯದು ಪಕ್ಕದಿಂದ, ಕೈಗಳ ಮೇಲೆ. ಈ ಐವರೂ ಮಾತಿಗಿಂತ ಮೊದಲು ಕೈ ಆಡಿಸುವವರು. ಪ್ರಶ್ನೆ ಕೇಳುವವರು ಮೊದಲ ಕ್ಯಾಮೆರಾದ ಲೆನ್ಸಿಗೆ ಅಂಟಿಕೊಂಡಂತೆ, ಅದೇ ಎತ್ತರದಲ್ಲಿ ಕೂರಬೇಕು. ಎದ್ದು ನಿಂತರೆ ಅವರು ಆಕಾಶ ನೋಡಿ ಮಾತಾಡಿದಂತೆ ಕಾಣುತ್ತದೆ.

ಸೆಟ್ಟಿಂಗ್: 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ತು 50 ಹರ್ಟ್ಸ್, ಬೇರೆ ಶಟರ್ ಇಟ್ಟರೆ ಕೆಲವು ದೀಪಗಳು ಮಿನುಗುತ್ತವೆ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ. ಕಿಟಕಿಯ ಬೆಳಕಾದರೆ 5600. ಕಿಟಕಿ ಮುಖದ ಒಂದು ಪಕ್ಕಕ್ಕಿರಲಿ, ಬೆನ್ನ ಹಿಂದೆ ಬೇಡ. ಕನ್ನಡಕದ ಗಾಜಿನಲ್ಲಿ ಕಿಟಕಿ ಹೊಳೆದರೆ ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಕನ್ನಡಕ ತೆಗೆಯಿರಿ ಅನ್ನಬೇಡಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ ಸುಮಾರು 45 ಜಿಬಿ ಹಿಡಿಯುತ್ತದೆ; 128 ಜಿಬಿಯ ಕಾರ್ಡು ಎರಡೂವರೆ ಗಂಟೆಗೆ ಸಾಕು, ಆದರೂ ದಿನಕ್ಕೊಂದು ಹೊಸ ಕಾರ್ಡು.

ಧ್ವನಿ

ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಸೆರಗು, ಶಾಲು, ಸರ ಅದಕ್ಕೆ ತಾಗಬಾರದು. ಮೈಕನ್ನು ನಾವೇ ಸಿಕ್ಕಿಸುವ ಬದಲು ಅವರ ಕೈಗೋ ಮನೆಯವರ ಕೈಗೋ ಕೊಡಿ. ರೆಕಾರ್ಡಿಂಗ್ 48 ಕಿಲೊಹರ್ಟ್ಸ್, 24 ಬಿಟ್. ಮಾತು ಜೋರಾದಾಗಲೂ ಮೀಟರ್ −12ರ ಆಸುಪಾಸು ನಿಲ್ಲಲಿ. ನಗುವಾಗ ಧ್ವನಿ ಒಮ್ಮೆಲೇ ಏರುತ್ತದೆ, ಅದಕ್ಕೆ ಜಾಗ ಇಟ್ಟುಕೊಳ್ಳಿ.

ಫ್ಯಾನು ಆರಿಸಿ. ಫ್ರಿಜ್ಜನ್ನೂ ಆರಿಸಿ, ಆರಿಸಿದ ಕೂಡಲೇ ನಿಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಡಿ. ಕೀಲಿ ಇಲ್ಲದೆ ಹೊರಡಲಾಗದು, ಹಾಗಾಗಿ ಫ್ರಿಜ್ಜು ಮತ್ತೆ ಹಾಕುವುದನ್ನು ಮರೆಯಲೂ ಆಗದು. ಶುರುವಿಗೆ ಎರಡೂ ಕ್ಯಾಮೆರಾ ಓಡುತ್ತಿರುವಾಗ ಒಂದು ಚಪ್ಪಾಳೆ, ಕೊನೆಗೆ ಎಲ್ಲರೂ ಸುಮ್ಮನೆ ಕೂತು ಮೂವತ್ತು ಸೆಕೆಂಡು ಕೋಣೆಯ ಮೌನ. ಸಂಪಾದನೆಯಲ್ಲಿ ಮಾತು ಕತ್ತರಿಸಿದ ಕಡೆ ಈ ಮೌನವೇ ತೇಪೆ.

ಕೇಳುವ ರೀತಿ

ವಯಸ್ಸಾದವರಿಗೆ ಮೊದಲು ಕೇಳಿಸದಾಗುವುದು ಕೀರಲು ಸ್ವರ. ಕೂಗಬೇಡಿ, ದನಿ ತಗ್ಗಿಸಿ, ನಿಧಾನವಾಗಿ, ತುಟಿ ಕಾಣುವಂತೆ ಕೇಳಿ. ನಡುವೆ "ಹೂಂ", "ಹೌದಾ" ಬೇಡ, ತಲೆಯಾಡಿಸಿದರೆ ಸಾಕು. ಉತ್ತರ ಮುಗಿಯಿತು ಅನಿಸಿದ ಮೇಲೂ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಬಹಳ ಸಲ ಎರಡನೇ ಮಾತೇ ನಮಗೆ ಬೇಕಾದದ್ದು. "ಆಗ ಜೀವನ ಕಷ್ಟ ಇತ್ತಲ್ಲವೇ?" ಎಂಬ ಥರದ ಪ್ರಶ್ನೆ ಯಾರೂ ಕೇಳಕೂಡದು, ಉತ್ತರ ನಾವೇ ಬಾಯಿಗೆ ಇಟ್ಟಂತೆ.

ಇಸವಿ ತಪ್ಪಿದರೆ ಕ್ಯಾಮೆರಾ ಮುಂದೆ ತಿದ್ದಬೇಡಿ. ಇಟಲಿಯ ತೆರ್ನಿ ಪಟ್ಟಣದಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಎದುರು ಪ್ರಾಣ ಬಿಟ್ಟದ್ದು 1949ರಲ್ಲಿ. ಆದರೆ ಸಂಶೋಧಕ ಅಲೆಸ್ಸಾಂದ್ರೊ ಪೋರ್ತೆಲ್ಲಿ ಊರಿನವರನ್ನು ಕೇಳಿದಾಗ ಅನೇಕರು 1953 ಎಂದರು. ಆ ವರ್ಷ ಕಾರ್ಖಾನೆಯಿಂದ ಜನರನ್ನು ಸಾಮೂಹಿಕವಾಗಿ ಹೊರಹಾಕಿದ್ದರು. ನೆನಪು ಸಾವನ್ನು ಆ ನೋವಿನ ಜೊತೆ ಜೋಡಿಸಿತ್ತು. ತಪ್ಪು ಇಸವಿಯಲ್ಲೂ ಸಂಗತಿ ಇರುತ್ತದೆ. ಟಿಪ್ಪಣಿಯವರು ಸಮಯ ಗುರುತು ಹಾಕಿಕೊಂಡು ಆಮೇಲೆ ಕಡತ ನೋಡಿ. ಕಾಲ ತೀರ ಗೊಂದಲವಾದರೆ ಆಸರೆ ಕೊಡಿ: "ಚಂದ್ರನ ಮೇಲೆ ಮನುಷ್ಯ ಇಳಿದ ಸುದ್ದಿ ಬಂತಲ್ಲ, 1969ರಲ್ಲಿ, ಇದು ಅದಕ್ಕಿಂತ ಮೊದಲೋ ಆಮೇಲೋ?"

ಎಲ್ಲರಿಗೂ ಕೇಳುವ ಪ್ರಶ್ನೆಗಳು

1. ನಿಮ್ಮ ಹೆಸರು, ಹುಟ್ಟಿದ್ದು ಎಲ್ಲಿ, ಈ ಊರಿಗೆ ಬಂದದ್ದು ಹೇಗೆ?
2. ನಿಮಗೆ ಹತ್ತು ವರ್ಷವಿದ್ದಾಗ ಮನೆ ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತಿತ್ತು? ಎಡಕ್ಕೆ? ಬಲಕ್ಕೆ?
3. ಈ ಹಾಳೆಯ ಮೇಲೆ ಆಗಿನ ಮುಖ್ಯ ಬೀದಿ ಬರೆದು ತೋರಿಸುತ್ತೀರಾ? (ಎರಡನೇ ಕ್ಯಾಮೆರಾ ಹಾಳೆಯ ಮೇಲೆ. ಐದು ನಕ್ಷೆಗಳನ್ನೂ ಜೋಪಾನ ಮಾಡಿ, ವಿಡಿಯೊ ಶುರುವಾಗುವುದೇ ಅವುಗಳಿಂದ.)
4. ಕೆಲಸಕ್ಕೆ ಸೇರಿದ ಮೊದಲ ದಿನ ಹೇಳಿ. ಯಾರು ಕಲಿಸಿದರು, ಏನೆಂದು ಬೈದರು?
5. ಕತ್ತಲಾದ ಮೇಲೆ ಊರು ಹೇಗಿರುತ್ತಿತ್ತು? ಯಾವ ಸದ್ದು ಕೇಳುತ್ತಿತ್ತು?
6. ಯಾವ ಜಾಗಕ್ಕೆ ನಿಮ್ಮನ್ನು ಬಿಡುತ್ತಿರಲಿಲ್ಲ, ಅಥವಾ ನೀವೇ ಹೋಗುತ್ತಿರಲಿಲ್ಲ? (ಇದನ್ನು ಅರ್ಧ ಗಂಟೆ ಕಳೆದ ಮೇಲೆ ಮಾತ್ರ. ಉತ್ತರ ಬೇಡವೆಂದರೆ ಮತ್ತೆ ಕೇಳಬಾರದು.)
7. ನಿಮ್ಮ ಕೆಲಸ ನಿಂತದ್ದು ಯಾವಾಗ, ಕೊನೆಯ ದಿನ ಏನು ಮಾಡಿದಿರಿ?
8. ನಾವು ಕೇಳಬೇಕಿತ್ತು, ಕೇಳಲೇ ಇಲ್ಲ ಅನ್ನುವಂಥದ್ದು ಏನಾದರೂ ಇದೆಯಾ?

ಒಬ್ಬೊಬ್ಬರಿಗೆ

ಅಚ್ಚುಕೂಟದ ಅಜ್ಜನಿಗೆ: ಮೊಳೆ ಪೆಟ್ಟಿಗೆಯಲ್ಲಿ ಯಾವ ಅಕ್ಷರ ಕೈಗೆ ಹತ್ತಿರ, ಯಾವುದು ದೂರ? ಒತ್ತಕ್ಷರಗಳನ್ನು ಎಲ್ಲಿ ಇಡುತ್ತಿದ್ದಿರಿ, ಒಂದು ಮುಗಿದುಹೋದರೆ ಏನು ಮಾಡುತ್ತಿದ್ದಿರಿ? ತಿರುಗುಮುರುಗು ಅಕ್ಷರ ಓದುವುದು ಎಷ್ಟು ದಿನಕ್ಕೆ ರೂಢಿಯಾಯಿತು? ಮದುವೆ ಕರೆಯೋಲೆಯಲ್ಲಿ ತಪ್ಪು ಬಿದ್ದು ಜಗಳವಾದದ್ದುಂಟಾ? ಅವರ ಬಳಿ ಉಳಿದಿರುವ ಒಂದು ಹಿಡಿ ಮೊಳೆಗಳಲ್ಲಿ ಊರಿನ ಹೆಸರು ಜೋಡಿಸಲು ಕೇಳಿ. ಮಾತು ಬೇಡ, ಬೆರಳುಗಳನ್ನು ಮಾತ್ರ ತೆಗೆಯಿರಿ, ಪೂರ್ತಿ ಮುಗಿಯುವವರೆಗೆ.

ಅಂಚೆಯಣ್ಣನಿಗೆ: ಚೀಲ ಬಂದ ಮೇಲೆ ಓಲೆಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತಿದ್ದಿರಿ? ವಿಳಾಸವಿಲ್ಲದೆ ಬರೀ ಅಡ್ಡಹೆಸರಿನಲ್ಲಿ ಬಂದ ಓಲೆ ನೆನಪಿದೆಯಾ? ಓದು ಬಾರದವರ ಮನೆಯಲ್ಲಿ ಓದಿ ಹೇಳುವಾಗ ಕೆಟ್ಟ ಸುದ್ದಿಯಿದ್ದರೆ? ಕೊನೆಯದಕ್ಕೆ ಉತ್ತರಿಸುವಾಗ ಅವರು ತಡೆದರೆ ತಡೆಯಲಿ, ಕ್ಯಾಮೆರಾ ಮುಖಕ್ಕೆ ಜೂಮ್ ಮಾಡಕೂಡದು. ಯಾರ ಓಲೆಯಲ್ಲಿ ಏನಿತ್ತೆಂದು ಹೆಸರು ಹಿಡಿದು ಹೇಳಿದರೆ ಹೆಸರನ್ನು ಕತ್ತರಿಸುತ್ತೇವೆ.

ಎಕ್ಸ್‌ಚೇಂಜಿನ ಅಮ್ಮನಿಗೆ: ಬೋರ್ಡಿನ ಮುಂದೆ ಕೂತು ಒಂದು ಟ್ರಂಕ್ ಕಾಲ್ ಜೋಡಿಸುವುದನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಕೈಯಲ್ಲೇ ಮಾಡಿ ತೋರಿಸಿ. ಊರಲ್ಲಿ ಆಗ ಯಾರ ಯಾರ ಮನೆಯಲ್ಲಿ ಫೋನ್ ಇತ್ತು? ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುತ್ತಿದ್ದಿರಾ? ಹೆಣ್ಣುಮಕ್ಕಳು ಹೊರಗೆ ದುಡಿಯುವುದಕ್ಕೆ ಮನೆಯಲ್ಲಿ ಏನಂದರು? ದನಿ ಕೇಳಿಯೇ ಯಾರೆಂದು ಗುರುತಿಸುತ್ತಿದ್ದರಂತೆ. ಈಗ ಬೀದಿಯಲ್ಲಿ ಯಾರದಾದರೂ ದನಿ ಹಾಗೆ ಗುರುತು ಹತ್ತುತ್ತದಾ?

ಆಪರೇಟರಿಗೆ: ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ ಓಡುತ್ತದೆ; ಆ ಹನ್ನೊಂದು ನಿಮಿಷದಲ್ಲಿ ನೀವೇನು ಮಾಡುತ್ತಿದ್ದಿರಿ? ಕಾರ್ಬನ್ ಕಡ್ಡಿ ಸವೆದು ಬೆಳಕು ಮಂಕಾದರೆ ಕೆಳಗಿನವರಿಗೆ ಮೊದಲು ಗೊತ್ತಾಗುತ್ತಿತ್ತೋ ನಿಮಗೋ? ರೀಲು ತುಂಡಾದಾಗ ಜನ ಏನೆಂದು ಕೂಗುತ್ತಿದ್ದರು, ಎಷ್ಟು ಹೊತ್ತಿನಲ್ಲಿ ಅಂಟಿಸುತ್ತಿದ್ದಿರಿ? ಆ ಸಣ್ಣ ಕಿಂಡಿಯಿಂದ ಯಾರು ಎಲ್ಲಿ ಕೂರುತ್ತಿದ್ದರೆಂದು ಕಾಣುತ್ತಿತ್ತಲ್ಲ, ಹೇಳಿ.

ಸೂಲಗಿತ್ತಿ ಅಜ್ಜಿಗೆ ಪ್ರಶ್ನೆ ಕಡಿಮೆ. ಮಧ್ಯರಾತ್ರಿ ಕರೆಯಲು ಬಂದರೆ ಯಾವ ದಾರಿಯಲ್ಲಿ, ಯಾವ ಬೆಳಕು ಹಿಡಿದು ಹೋಗುತ್ತಿದ್ದಿರಿ? ಯಾರಿಂದ ಕಲಿತಿರಿ? ಆಸ್ಪತ್ರೆ ಬಂದ ಮೇಲೆ ಏನಾಯಿತು? ಉಳಿಯದ ಮಕ್ಕಳ ಬಗ್ಗೆ ನಾವಾಗಿ ಕೇಳುವುದಿಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇವೆ, ವಿಡಿಯೊದಲ್ಲಿ ಹಾಕಬಹುದೇ ಎಂದು ಮರುದಿನ ಹೋಗಿ ಕೇಳುತ್ತೇವೆ.

ಭಾನುವಾರದ ಶಾಟ್‌ಗಳು

ಬೀದಿಯ ಚಿತ್ರಗಳನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ, ಏನು ತೆಗೆಯಬೇಕೆಂದು ಸಂದರ್ಶನಗಳೇ ಹೇಳುತ್ತವೆ. ಶನಿವಾರ ಸಂಜೆ ಟಿಪ್ಪಣಿಯಿಂದ ಪ್ರತಿ ಜಾಗದ ಹೆಸರು ಹೆಕ್ಕಿ ಪಟ್ಟಿ ಮಾಡಿ. ಹಳೆಯ ಫೋಟೊ ಎಲ್ಲಿ ನಿಂತು ತೆಗೆದದ್ದೋ ಅಲ್ಲೇ ಸ್ಟ್ಯಾಂಡು ಇಟ್ಟು, ಅದೇ ಚೌಕಟ್ಟಿನಲ್ಲಿ ಈಗಿನದನ್ನು ತೆಗೆಯಿರಿ. ಪ್ರತಿ ಶಾಟ್ ಕನಿಷ್ಠ ಹದಿನೈದು ಸೆಕೆಂಡು ಅಲುಗದೆ ನಿಲ್ಲಲಿ. ಮುಂಜಾನೆ ಆರಕ್ಕೆ ಖಾಲಿ ಬೀದಿ, ಸಂಜೆ ಆರಕ್ಕೆ ತುಂಬಿದ ಬೀದಿ, ಒಂದೇ ಜಾಗದಿಂದ. ಡ್ರೋನ್ ಬೇಡ, ಇವರಲ್ಲಿ ಯಾರೂ ಊರನ್ನು ಮೇಲಿನಿಂದ ನೋಡಿದವರಲ್ಲ.

ಪ್ರತಿ ಸಂಜೆ

ಅಂದಿನ ಕಾರ್ಡುಗಳ ಪ್ರತಿ ಎರಡು ಹಾರ್ಡ್ ಡಿಸ್ಕಿಗೆ. ಡಿಸ್ಕುಗಳು ಎರಡು ಬೇರೆ ಮನೆಗಳಲ್ಲಿರಬೇಕು. ಎರಡೂ ಕಡೆ ಫೈಲು ತೆರೆದು ಶುರು, ನಡು, ಕೊನೆ ಓಡಿಸಿ ನೋಡುವ ತನಕ ಕಾರ್ಡು ಅಳಿಸುವಂತಿಲ್ಲ. ಫೈಲಿನ ಹೆಸರು ದಿನಾಂಕದಿಂದ ಶುರುವಾಗಲಿ. ಎರವಲು ತಂದ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹವನ್ನೂ ಸ್ಕ್ಯಾನ್ ಮಾಡಿ, ಮರುದಿನವೇ ಹಿಂದಿರುಗಿಸಿ. ಅಂಟು ಬಿಟ್ಟ ಆಲ್ಬಂ ಇದ್ದರೆ ಮನೆಯಿಂದ ಹೊರಗೆ ತರಬೇಡಿ, ಅಲ್ಲೇ ಕಿಟಕಿ ಬಳಿ ಇಟ್ಟು ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ.

ಮೊದಲ ಸಂಪಾದನೆ ಸಿದ್ಧವಾದಾಗ ಐವರ ಮನೆಗೂ ಲ್ಯಾಪ್‌ಟಾಪ್ ಒಯ್ದು ತೋರಿಸುವುದು ಪ್ರಶ್ನೆ ಕೇಳಿದವರ ಕೆಲಸ. ಸ್ಪೀಕರ್ ಬೇರೆಯಾಗಿ ಒಯ್ಯಿರಿ, ಲ್ಯಾಪ್‌ಟಾಪಿನ ದನಿ ಅವರಿಗೆ ಕೇಳಿಸದು.