ಕಾರವಾರದ ರೆಸಿಡೆಂಟ್ ಡಾಕ್ಟರ್‌ಗಳಲ್ಲಿ ಬರ್ನೌಟ್: ಸ್ಯಾಂಪಲ್ ಸೈಜ್ ಸಮರ್ಥನೆ ಮತ್ತು ಪವರ್ ಲೆಕ್ಕ

(ಸಂಶೋಧನಾ ಪ್ರಸ್ತಾವನೆಯ ಭಾಗ, ನೈತಿಕ ಸಮಿತಿಯ ಪರಿಶೀಲನೆಗಾಗಿ)

ಯಾರನ್ನು ಎಣಿಸುತ್ತೇವೆ

ಇದು ಒಂದೇ ಬಾರಿ ಮಾಹಿತಿ ಪಡೆಯುವ ಕ್ರಾಸ್ ಸೆಕ್ಷನಲ್ ಅಧ್ಯಯನ. ಕಾರವಾರದ ನಮ್ಮ ಬೋಧನಾ ಆಸ್ಪತ್ರೆಯ ಪಟ್ಟಿಯಲ್ಲಿ ಈಗ 131 ರೆಸಿಡೆಂಟ್‌ಗಳಿದ್ದಾರೆ. ಅವರಲ್ಲಿ ಮೂವರು ದೀರ್ಘ ರಜೆಯಲ್ಲಿದ್ದಾರೆ. ಉಳಿದ 128 ಜನರೇ ನಮ್ಮ ಅಧ್ಯಯನದ ಸಮುದಾಯ: 93 ಪಿಜಿಗಳು, 35 ಸೀನಿಯರ್ ರೆಸಿಡೆಂಟ್‌ಗಳು. ಹೌಸ್ ಸರ್ಜನ್‌ಗಳು ಇದರಲ್ಲಿಲ್ಲ. ಅವರ ಕೆಲಸದ ಸ್ವರೂಪವೇ ಬೇರೆ.

ಪಿಜಿಗಳಲ್ಲಿ ಒಂಬತ್ತು ಜನ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ ಹೊರಗೆ ಹೋಗಿದ್ದಾರೆ. ಅವರನ್ನು ಕೈಬಿಡುವುದು ಸುಲಭ, ಆದರೆ ಕೈಬಿಡುವುದಿಲ್ಲ. ಕಳೆದ ನಾಲ್ಕು ವಾರ ಅವರು ಎಲ್ಲಿ ಕೆಲಸ ಮಾಡಿದ್ದಾರೋ ಅಲ್ಲಿನ ಗಂಟೆಗಳನ್ನೇ ಬರೆಯುತ್ತಾರೆ. ಫಾರ್ಮ್ ಅನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಿ, ಹಾಗೆಯೇ ವಾಪಸ್ ಪಡೆಯುತ್ತೇವೆ.

ಮಾಹಿತಿ ಸಂಗ್ರಹಕ್ಕೆ ನಾಲ್ಕು ವಾರ ಇಟ್ಟಿದ್ದೇವೆ, ಮಳೆಗಾಲ ಕಳೆದ ಮೇಲೆ. ಜೋರು ಮಳೆಯಲ್ಲಿ ರಸ್ತೆ ಅಪಘಾತ, ಇಲಿಜ್ವರ, ಡೆಂಗ್ಯೂ ಎಲ್ಲ ಒಟ್ಟಿಗೆ ಬರುತ್ತವೆ. ಬೇಸಿಗೆಯಲ್ಲಿ ಸಿದ್ದಾಪುರ, ಹೊನ್ನಾವರದ ಕಡೆ ಮಂಗನ ಕಾಯಿಲೆಯ ಭಯ. ಎರಡೂ ಕಾಲದಲ್ಲಿ ಮೆಡಿಸಿನ್ ವಿಭಾಗದ ಡ್ಯೂಟಿ ಬೇರೆ ತಿಂಗಳುಗಳಂತೆ ಇರುವುದಿಲ್ಲ. ಹಾಗಾಗಿ ನಮಗೆ ಸಿಗುವುದು ಆ ನಾಲ್ಕು ವಾರಗಳ ಉತ್ತರ. ಇಡೀ ವರ್ಷದ್ದು ಎಂದು ಹೇಳಿಕೊಳ್ಳುವುದಿಲ್ಲ.

384ರ ಲೆಕ್ಕ ಮತ್ತು ಅದನ್ನು ಬಿಟ್ಟ ಕಾರಣ

ಬರ್ನೌಟ್ ಎಷ್ಟು ಶೇಕಡಾ ಇರಬಹುದೆಂದು ಮೊದಲೇ ಊಹಿಸಬೇಕಲ್ಲ, ಅಲ್ಲೇ ಮೊದಲ ತೊಡಕು. 2018ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ 182 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತ್ತು. ಡಾಕ್ಟರ್‌ಗಳಲ್ಲಿ ಒಟ್ಟಾರೆ ಬರ್ನೌಟ್ 0ಯಿಂದ 80.5 ಶೇಕಡಾವರೆಗೂ ಇತ್ತು. ಬರ್ನೌಟ್ ಎಂದರೇನು ಎಂಬುದಕ್ಕೇ ಕನಿಷ್ಠ 142 ವ್ಯಾಖ್ಯೆಗಳಿದ್ದವು. ಇಂಥದ್ದರಲ್ಲಿ ಯಾವುದೋ ಒಂದು ಊರಿನ ಅಂಕಿಯನ್ನು ಎತ್ತಿ ತಂದು ಸೂತ್ರಕ್ಕೆ ಹಾಕಿದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಆದ್ದರಿಂದ ನಾವು 50 ಶೇಕಡಾ ಇಟ್ಟುಕೊಂಡಿದ್ದೇವೆ. ಈ ಅಂಕಿಗೆ ಬೇಕಾಗುವ ಸ್ಯಾಂಪಲ್ ಎಲ್ಲಕ್ಕಿಂತ ಜಾಸ್ತಿ, ಹಾಗಾಗಿ ಕಡಿಮೆ ಬಿದ್ದೀತು ಎಂಬ ಭಯವಿಲ್ಲ. 95 ಶೇಕಡಾ ವಿಶ್ವಾಸ, ಆಚೀಚೆ 5 ಅಂಶ ಎಂದು ಹಿಡಿದರೆ:

```
n0 = 1.96² × 0.5 × 0.5 / 0.05² = 384.16 → 385
n  = 385 / (1 + 384/128)      = 96.25  → 97
97 / 0.80                     = 121.25 → 122
```

ಎರಡನೇ ಸಾಲು ಸಣ್ಣ ಸಮುದಾಯಕ್ಕೆ ಮಾಡುವ ತಿದ್ದುಪಡಿ. ಮೂರನೆಯದು 20 ಶೇಕಡಾ ಜನ ಉತ್ತರ ಕೊಡದಿದ್ದರೆ ಎಂಬ ಲೆಕ್ಕ. 384 ಎಂಬ ಸಂಖ್ಯೆ ಎಷ್ಟೋ ಥೀಸಿಸ್‌ಗಳಲ್ಲಿ ಕಾಣುತ್ತದೆ. ನಮ್ಮಲ್ಲಿ ಅಷ್ಟು ರೆಸಿಡೆಂಟ್‌ಗಳೇ ಇಲ್ಲ!

ಈಗ 128 ಜನರಲ್ಲಿ 122 ಜನರನ್ನು ಚೀಟಿ ಎತ್ತಿ ಆರಿಸಿ, ಆರು ಜನರನ್ನು ಮಾತ್ರ ಬಿಡುವುದರಲ್ಲಿ ಅರ್ಥವಿಲ್ಲ. ಬಿಟ್ಟವರಿಗೂ ‘ನನ್ನನ್ನು ಯಾಕೆ ಕೇಳಲಿಲ್ಲ’ ಅನಿಸುತ್ತದೆ. ಹಾಗಾಗಿ 128 ಜನರನ್ನೂ ಕರೆಯುತ್ತೇವೆ. ಸ್ಯಾಂಪ್ಲಿಂಗ್ ಇಲ್ಲ, ಪೂರ್ಣ ಎಣಿಕೆ.

ಹುಬ್ಬಳ್ಳಿ ಅಥವಾ ಮಂಗಳೂರಿನ ರೆಸಿಡೆಂಟ್‌ಗಳನ್ನು ಸೇರಿಸಿ ಸಂಖ್ಯೆ ಬೆಳೆಸುವ ಸಲಹೆಯೂ ಬಂದಿತ್ತು. ಒಪ್ಪಲಿಲ್ಲ. ಅಲ್ಲಿನ ರೋಗಿಗಳ ಹೊರೆ, ಹಾಸ್ಟೆಲ್, ವಿಭಾಗಗಳ ಗಾತ್ರ ಎಲ್ಲ ಬೇರೆ. ಸೇರಿಸಿದರೆ ಕಾರವಾರದ ಉತ್ತರವೇ ಅದರಲ್ಲಿ ಮುಳುಗಿ ಹೋಗುತ್ತದೆ.

ಎಷ್ಟು ಜನ ಉತ್ತರಿಸುತ್ತಾರೆ ಎಂಬುದೇ ಮುಖ್ಯ

ಪೂರ್ಣ ಎಣಿಕೆ ಎಂದ ಮೇಲೆ ಸೂತ್ರದ ಚಿಂತೆ ಮುಗಿಯಿತು, ನಿಜವಾದ ಚಿಂತೆ ಶುರುವಾಯಿತು. 102 ಜನ, ಅಂದರೆ 80 ಶೇಕಡಾ ಉತ್ತರಿಸಿ, ಅವರಲ್ಲಿ ಅರ್ಧ ಜನರಿಗೆ ಬರ್ನೌಟ್ ಇದೆ ಎಂದುಕೊಳ್ಳೋಣ. ಸಣ್ಣ ಸಮುದಾಯದ ತಿದ್ದುಪಡಿಯೊಂದಿಗೆ ಲೆಕ್ಕ ಹಾಕಿದರೆ ಆಚೀಚೆ 4.4 ಅಂಶ ಮಾತ್ರ. ಆದರೆ ಉತ್ತರಿಸದ 26 ಜನ ಸುಮ್ನೆ ಯಾರೋ 26 ಜನರಲ್ಲ. ಹೈರಾಣಾದವರೇ ಫಾರ್ಮ್ ತುಂಬದೆ ಮಲಗಿರಬಹುದು. ಅಥವಾ ಆರಾಮಾಗಿ ಇರುವವರು ‘ಇದು ನನಗಲ್ಲ’ ಎಂದು ಬಿಟ್ಟಿರಬಹುದು.

ಆ 26 ಜನರಿಗೂ ಬರ್ನೌಟ್ ಇದ್ದರೆ ಒಟ್ಟು 128ರಲ್ಲಿ 77, ಅಂದರೆ 60.2 ಶೇಕಡಾ. ಯಾರಿಗೂ ಇಲ್ಲದಿದ್ದರೆ 51, ಅಂದರೆ 39.8 ಶೇಕಡಾ. ಸೂತ್ರ ಹೇಳುವ 4.4 ಎಲ್ಲಿ, ಈ 10 ಎಲ್ಲಿ! ಉತ್ತರಿಸಿದವರು 90ಕ್ಕೆ ಇಳಿದರೆ ಈ ಎರಡು ತುದಿಗಳು 35.2 ಮತ್ತು 64.8ಕ್ಕೆ ಸರಿಯುತ್ತವೆ. ವರದಿಯಲ್ಲಿ ವಿಶ್ವಾಸದ ಮಿತಿಯ ಜೊತೆಗೆ ಈ ಎರಡು ತುದಿಗಳನ್ನೂ ಕೊಡುತ್ತೇವೆ.

ಅದಕ್ಕಾಗಿ ಶ್ರಮವನ್ನೆಲ್ಲ ಉತ್ತರ ತರಿಸುವುದಕ್ಕೇ ಹಾಕುತ್ತೇವೆ. ಫಾರ್ಮ್‌ನಲ್ಲಿ ಹೆಸರಿಲ್ಲ. ಮೆಸ್‌ನಲ್ಲಿ ಬೀಗ ಹಾಕಿದ ಪೆಟ್ಟಿಗೆ ಇರುತ್ತದೆ. ಬೀಗದ ಕೈ ವಿಭಾಗ ಮುಖ್ಯಸ್ಥರ ಬಳಿ ಇರುವುದಿಲ್ಲ. ಯಾರು ಕೊಟ್ಟಿಲ್ಲ ಎಂದು ಗೊತ್ತಾಗದ ಕಾರಣ ನೆನಪಿಸುವುದು ಎಲ್ಲರಿಗೂ, ಎರಡು ಸಲ. ವಿಭಾಗ ಮತ್ತು ಯಾವ ವರ್ಷ ಎಂಬುದನ್ನು ಪಟ್ಟಿಯ ಒಟ್ಟು ಸಂಖ್ಯೆಯೊಂದಿಗೆ ಹೋಲಿಸಿದರೆ ಯಾವ ಗುಂಪು ಕಡಿಮೆ ಬಂದಿದೆ ಎಂದು ಕಾಣುತ್ತದೆ. ಅಂತಿಮ ವರ್ಷದ ಪಿಜಿಗಳದ್ದೇ ಕಡಿಮೆ ಇರುತ್ತದೆ ಎಂದು ನಮ್ಮ ಅಂದಾಜು, ಪರೀಕ್ಷೆಯ ಕಾರಣಕ್ಕೆ.

ನಾಲ್ಕು ವಾರಕ್ಕೆ 90 ಫಾರ್ಮ್ ಬರದಿದ್ದರೆ ಇನ್ನೊಂದು ವಾರ ಮಾತ್ರ ಕಾಯುತ್ತೇವೆ. ಆಗಲೂ ಬರದಿದ್ದರೆ ಮುಂದಿನ ಹೋಲಿಕೆಯನ್ನು ಅನ್ವೇಷಣೆ ಎಂದಷ್ಟೇ ಕರೆಯುತ್ತೇವೆ.

ಪವರ್ ಲೆಕ್ಕ: ಒಂದೇ ಪ್ರಶ್ನೆಗೆ

ಪ್ರಾಥಮಿಕ ಹೋಲಿಕೆ ಒಂದೇ: ವಾರಕ್ಕೆ 74 ಗಂಟೆಗಿಂತ ಹೆಚ್ಚು ಕೆಲಸ ಮಾಡುವವರ ಕೆಲಸದ ಬರ್ನೌಟ್ ಅಂಕ ಉಳಿದವರಿಗಿಂತ ಜಾಸ್ತಿ ಇದೆಯೇ? 74 ನಾವು ಹುಟ್ಟಿಸಿದ ಗೆರೆಯಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರ ತನ್ನ ವರದಿಯಲ್ಲಿ ರೆಸಿಡೆಂಟ್‌ಗಳಿಗೆ ಸೂಚಿಸಿದ ಮಿತಿ ಅದು.

ಅಳತೆಗೆ ಕೋಪನ್‌ಹೇಗನ್ ಬರ್ನೌಟ್ ಇನ್ವೆಂಟರಿ. ಒಟ್ಟು 19 ಪ್ರಶ್ನೆ, ಅದರಲ್ಲಿ ಕೆಲಸಕ್ಕೆ ಸಂಬಂಧಿಸಿದವು ಏಳು. ಪ್ರತಿ ಉತ್ತರಕ್ಕೆ 0, 25, 50, 75 ಅಥವಾ 100 ಅಂಕ, ಕೊನೆಗೆ ಏಳರ ಸರಾಸರಿ. 50 ಮತ್ತು ಅದಕ್ಕಿಂತ ಹೆಚ್ಚು ಬಂದವರನ್ನು ಶೇಕಡಾವಾರು ಲೆಕ್ಕದಲ್ಲಿ ‘ಬರ್ನೌಟ್ ಇದೆ’ ಎಂದು ಎಣಿಸುತ್ತೇವೆ. ಹೋಲಿಕೆಗೆ ಮಾತ್ರ ಪೂರ್ತಿ ಅಂಕವನ್ನೇ ಬಳಸುತ್ತೇವೆ.

ಯಾಕೆಂದರೆ ಇದ್ದ ಮಾಹಿತಿಯನ್ನು ಹೌದು, ಇಲ್ಲ ಎಂದು ಕತ್ತರಿಸಿದರೆ ಪವರ್ ಸೋರಿಹೋಗುತ್ತದೆ. ಹಿಂದಿನ ತಿಂಗಳ ಡ್ಯೂಟಿ ರೋಸ್ಟರ್ ಪ್ರಕಾರ 128ರಲ್ಲಿ 43 ಜನ 74 ಗಂಟೆ ದಾಟಿದ್ದಾರೆ, ಸುಮಾರು ಮೂರನೇ ಒಂದು ಭಾಗ. 102 ಜನ ಉತ್ತರಿಸಿದರೆ ಗುಂಪುಗಳು 34 ಮತ್ತು 68. ಎರಡು ಬದಿಯ ಪರೀಕ್ಷೆ, ಆಲ್ಫಾ 0.05, ಪವರ್ 80 ಶೇಕಡಾ:

```r
library(pwr)
pwr.t2n.test(n1 = 34, n2 = 68, power = 0.80, sig.level = 0.05)
```

ಉತ್ತರ d ಸುಮಾರು 0.59. ಅಂಕಗಳ ಎಸ್‌ಡಿ 18 ಎಂದು ಹಿಡಿದಿದ್ದೇವೆ. ಆಗ ಗುರುತಿಸಬಹುದಾದ ಅಂತರ ಸುಮಾರು 10.7 ಅಂಕ. ಇದು ದೊಡ್ಡದೋ ಸಣ್ಣದೋ? ಏಳು ಪ್ರಶ್ನೆಗಳಲ್ಲಿ ಮೂರಕ್ಕೆ ಒಂದೊಂದು ಮೆಟ್ಟಿಲು ಮೇಲಿನ ಉತ್ತರ ಕೊಟ್ಟರೆ ಅಷ್ಟಾಗುತ್ತದೆ. ‘ಕೆಲವೊಮ್ಮೆ’ ಎನ್ನುತ್ತಿದ್ದವರು ಮೂರು ಕಡೆ ‘ಆಗಾಗ’ ಎಂದಂತೆ. ಕಡೆಗಣಿಸುವಂಥ ಅಂತರ ಅಲ್ಲ, ಅಲ್ವಾ? ಇದಕ್ಕಿಂತ ಸಣ್ಣ ಅಂತರ ನಿಜಕ್ಕೂ ಇದ್ದರೂ ನಮ್ಮ ಅಧ್ಯಯನಕ್ಕೆ ಅದು ಸಿಗದೇ ಹೋಗಬಹುದು. ಇದನ್ನು ಈಗಲೇ ಹೇಳಿಬಿಡುತ್ತೇವೆ.

115 ಜನ ಉತ್ತರಿಸಿದರೆ ಈ ಅಂತರ ಸುಮಾರು 10ಕ್ಕೆ ಇಳಿಯುತ್ತದೆ, 90 ಜನರಾದರೆ 11.4. ಅಂದರೆ ಪವರ್ ದೃಷ್ಟಿಯಿಂದ ಹತ್ತು ಹನ್ನೆರಡು ಫಾರ್ಮ್ ಹೆಚ್ಚು ಕಡಿಮೆಯಾದರೆ ಆಕಾಶ ಬೀಳುವುದಿಲ್ಲ. ಹೆಚ್ಚು ನೋಯಿಸುವುದು ಎಸ್‌ಡಿ ಊಹೆ. ಅದು 15 ಆದರೆ 8.9 ಅಂಕ ಸಾಕು, 22 ಆದರೆ 13 ಅಂಕ ಬೇಕು. ಗುಂಪುಗಳು ತೀರಾ ಅಸಮವಾಗಿ, 74 ದಾಟಿದವರು 20 ಜನರೇ ಸಿಕ್ಕರೆ, ಎಸ್‌ಡಿ 18 ಇದ್ದರೂ 12.7.

ಅದೇ ಹೋಲಿಕೆಯನ್ನು ಶೇಕಡಾವಾರಿನಲ್ಲಿ ಮಾಡಿದ್ದರೆ ಏನಾಗುತ್ತಿತ್ತು ಎಂದೂ ನೋಡಿದೆವು. ಕಡಿಮೆ ಗಂಟೆಯ ಗುಂಪಿನಲ್ಲಿ 40 ಶೇಕಡಾ ಬರ್ನೌಟ್ ಇದ್ದರೆ, ಇನ್ನೊಂದರಲ್ಲಿ ಸುಮಾರು 69 ಶೇಕಡಾ ಇರಬೇಕು. ಆಗ ಮಾತ್ರ 80 ಶೇಕಡಾ ಪವರ್. 29 ಅಂಶದ ಅಂತರಕ್ಕೆ ಕಾದು ಕೂರುವುದು ಬುದ್ಧಿವಂತಿಕೆ ಅಲ್ಲ.

ಪವರ್ ಲೆಕ್ಕದಲ್ಲಿ ಸಣ್ಣ ಸಮುದಾಯದ ತಿದ್ದುಪಡಿ ಹಾಕಿಲ್ಲ. ಅದು ಬೇಕೆಂದೇ ಬಿಟ್ಟದ್ದು. ಎಷ್ಟು ಶೇಕಡಾ ಎಂಬ ಪ್ರಶ್ನೆ ಈ 128 ಜನರ ಬಗ್ಗೆ. ಗಂಟೆಗೂ ಬರ್ನೌಟ್‌ಗೂ ನಂಟು ಇದೆಯೇ ಎಂಬುದು ಇಂಥ ಕೆಲಸ ಮಾಡುವ ಯಾರ ಬಗ್ಗೆಯಾದರೂ ಕೇಳುವ ಪ್ರಶ್ನೆ. ಅಲ್ಲಿ ತಿದ್ದುಪಡಿ ಹಾಕಿದರೆ ಪವರ್ ಸುಳ್ಳಾಗಿ ಉಬ್ಬುತ್ತದೆ.

ಮಾದರಿ ಮತ್ತು ಮಿತಿಗಳು

ಲೀನಿಯರ್ ರಿಗ್ರೆಷನ್‌ನಲ್ಲಿ ಗಂಟೆಯ ಜೊತೆಗೆ ಲಿಂಗ, ರೆಸಿಡೆನ್ಸಿಯ ಹಂತ (ಎರಡು ಸೂಚಕ), ಶಸ್ತ್ರಚಿಕಿತ್ಸಾ ವಿಭಾಗವೇ ಅಲ್ಲವೇ, ಹಾಸ್ಟೆಲ್ ವಾಸ ಸೇರುತ್ತವೆ. ಒಟ್ಟು ಆರು. 102 ಜನರಿಗೆ ಆರು ಎಂದರೆ ತಲಾ 17, ಸಾಕು. ಗಂಟೆ ಮತ್ತು ಉಳಿದ ಅಂಶಗಳ ನಡುವಿನ ಆರ್ ಸ್ಕ್ವೇರ್ 0.2 ಇದ್ದರೆ ಗುರುತಿಸಬಹುದಾದ ಅಂತರ 10.7ರಿಂದ ಸುಮಾರು 12ಕ್ಕೆ ಏರುತ್ತದೆ. ಒಂದೇ ವಿಭಾಗದವರ ಉತ್ತರಗಳು ಹೋಲುತ್ತವೆ ಎಂಬ ಕಾರಣಕ್ಕೆ, ವಿಭಾಗವಾರು ಗುಂಪನ್ನು ಪರಿಗಣಿಸಿದ ರೋಬಸ್ಟ್ ದೋಷಗಳನ್ನೂ ಪಕ್ಕದಲ್ಲಿ ಕೊಡುತ್ತೇವೆ.

ವಿಭಾಗದಿಂದ ವಿಭಾಗಕ್ಕೆ ಹೋಲಿಕೆ ಮಾಡುವುದಿಲ್ಲ. ಕೆಲವು ವಿಭಾಗಗಳಲ್ಲಿ ಮೂರೋ ನಾಲ್ಕೋ ರೆಸಿಡೆಂಟ್‌ಗಳು. ಪವರ್ ಅಂತೂ ಇಲ್ಲ, ಜೊತೆಗೆ ಯಾರು ಏನು ಬರೆದರು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಜನರಿರುವ ಯಾವ ಗುಂಪಿನ ಅಂಕಿಯೂ ವರದಿಯಲ್ಲಿ ಬರುವುದಿಲ್ಲ, ಸಂಸ್ಥೆಯ ಆಡಳಿತ ಕೇಳಿದರೂ.

ಫಲಿತಾಂಶ ಬಂದ ಮೇಲೆ ಅದೇ ಅಂಕಿಯಿಂದ ಮತ್ತೆ ಪವರ್ ಲೆಕ್ಕ ಹಾಕುವುದಿಲ್ಲ. ಅಂತರ ಎಷ್ಟು, ಅದರ 95 ಶೇಕಡಾ ಮಿತಿ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯುತ್ತೇವೆ. ಆ ಮಿತಿಯೊಳಗೆ ಸೊನ್ನೆಯೂ 10.7 ಅಂಕವೂ ಎರಡೂ ಇದ್ದರೆ, ‘ಸಂಬಂಧವಿಲ್ಲ’ ಎನ್ನದೆ ‘ಈ ಸಂಖ್ಯೆಯಿಂದ ತೀರ್ಮಾನಿಸಲಾಗದು’ ಎಂದು ಬರೆಯುತ್ತೇವೆ.