ಉತ್ತರ ಧ್ರುವದ ತಾಪ ಏರಿಕೆ: ಉಪನ್ಯಾಸದ ಬಾಣಚಿತ್ರಗಳು

ಕ್ಲಾಸಿಗೆ ಬರಲಾಗದವರಿಗೂ ಪರೀಕ್ಷೆಗೆ ಓದುವವರಿಗೂ ಈ ನೋಟ್ಸ್. ಬಾಣದಲ್ಲಿ (+) ಇದ್ದರೆ ಮೊದಲಿನದು ಹೆಚ್ಚಿದಾಗ ಮುಂದಿನದೂ ಹೆಚ್ಚುತ್ತದೆ, ಇಳಿದರೆ ಇಳಿಯುತ್ತದೆ. (−) ಇದ್ದರೆ ಉಲ್ಟಾ. ಒಳ್ಳೆಯದು, ಕೆಟ್ಟದ್ದು ಎಂಬ ಅರ್ಥ ಈ ಗುರುತುಗಳಿಗಿಲ್ಲ. ಸರಪಳಿ ಹೊರಟಲ್ಲಿಗೇ ವಾಪಸ್ ಬಂದರೆ ಅದು ಫೀಡ್‌ಬ್ಯಾಕ್ ಲೂಪ್ (↺). ಅದರಲ್ಲಿರುವ (−)ಗಳನ್ನು ಎಣಿಸಿ: ಒಂದೂ ಇಲ್ಲದಿದ್ದರೆ ಅಥವಾ ಸಮಸಂಖ್ಯೆಯಾದರೆ ವರ್ಧಕ [ವ], ಬೆಸವಾದರೆ ಸಮತೋಲಕ [ಸ].

ಆರಂಭ
ಕಲ್ಲಿದ್ದಲು, ತೈಲದ ಬಳಕೆ →(+) ಗಾಳಿಯ ಕಾರ್ಬನ್ ಡೈಆಕ್ಸೈಡ್ →(+) ತಾಪ

ಈ ಸಾಲಿಗೆ ಲೂಪ್ ಇಲ್ಲ. ಇದು ಹೊರಗಿನಿಂದ ಬರುವ ತಳ್ಳು. ಕೆಳಗಿನವೆಲ್ಲ ಅದಕ್ಕೆ ಭೂಮಿಯ ಪ್ರತಿಕ್ರಿಯೆ.

[ವ1] ಹಿಮ ಮತ್ತು ಬಿಸಿಲು
ತಾಪ →(−) ಸಮುದ್ರದ ಮೇಲಿನ ಹಿಮ →(+) ಬಿಸಿಲಿನ ಪ್ರತಿಫಲನ →(−) ನೀರು ಹೀರುವ ಬಿಸಿಲು →(+) ತಾಪ ↺

(−) ಎರಡಿವೆ, ಹಾಗಾಗಿ ವರ್ಧಕ. ಇಡೀ ಉಪನ್ಯಾಸದ ಜೀವಾಳ ಇದೇ, ಇದನ್ನು ನೋಡದೆ ಬರೆಯುವಷ್ಟು ಅಭ್ಯಾಸ ಮಾಡಿ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು 80ರಿಂದ 90% ಭಾಗವನ್ನು ಹಿಂದಕ್ಕೆ ಕಳಿಸುತ್ತದೆ. ತೆರೆದ ಸಮುದ್ರ ಕಳಿಸುವುದು 6%ರ ಆಸುಪಾಸು ಮಾತ್ರ. ಹಿಮ ಸರಿದ ಜಾಗದಲ್ಲಿ ಕಪ್ಪು ನೀರು ಬೇಸಿಗೆಯುದ್ದಕ್ಕೂ ಶಾಖ ಕೂಡಿಟ್ಟುಕೊಳ್ಳುತ್ತದೆ, ಶರತ್ಕಾಲದಲ್ಲಿ ಹೊಸ ಹಿಮ ಕಟ್ಟುವುದು ತಡವಾಗುತ್ತದೆ. ಜಗತ್ತಿನ ಸರಾಸರಿಗಿಂತ ಧ್ರುವ ಬೇಗ ಬಿಸಿಯಾಗಲು ಇದೊಂದು ಮುಖ್ಯ ಕಾರಣ.

[ವ2] ನೀರಾವಿ
ತಾಪ →(+) ಗಾಳಿಯ ನೀರಾವಿ →(+) ತಡೆಹಿಡಿದ ಶಾಖ →(+) ತಾಪ ↺

1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿಯಬಲ್ಲ ಆವಿ ಸುಮಾರು 7% ಹೆಚ್ಚುತ್ತದೆ.

[ವ3] ಸದಾ ಹೆಪ್ಪುಗಟ್ಟಿದ ನೆಲ
ತಾಪ →(+) ನೆಲದ ಕರಗುವಿಕೆ →(+) ಸೂಕ್ಷ್ಮಜೀವಿಗಳ ಕೊಳೆಸುವಿಕೆ →(+) ಕಾರ್ಬನ್ ಡೈಆಕ್ಸೈಡ್, ಮೀಥೇನ್ →(+) ತಾಪ ↺

ವಾತಾವರಣದಲ್ಲಿ ಇರುವುದರ ಸುಮಾರು ಎರಡರಷ್ಟು ಇಂಗಾಲ ಈ ನೆಲದಲ್ಲಿದೆ. ಕರಗಿದ ಜಾಗ ಜೌಗಾಗಿ ಆಮ್ಲಜನಕ ಸಿಗದಿದ್ದರೆ ಮೀಥೇನ್, ಒಣಗಿದ್ದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚು. ಆದ್ದರಿಂದ ಚಿತ್ರ ಬರೆಯುವಾಗ ಕೊಳೆಸುವಿಕೆಯಿಂದ ಎರಡು ಕವಲು ಎಳೆಯಿರಿ. ಈ ಲೂಪ್ ನಿಧಾನದ್ದು. ಬಾಣದ ಮೇಲೆ ಎರಡು ಅಡ್ಡಗೆರೆ (//) ಹಾಕಿ ವಿಳಂಬ ತೋರಿಸಿ.

[ಸ1] ಹೊರಹೋಗುವ ಶಾಖ
ತಾಪ →(+) ಬಾಹ್ಯಾಕಾಶಕ್ಕೆ ಹೋಗುವ ಶಾಖ →(−) ತಾಪ ↺

ವರ್ಧಕಗಳ ಭರದಲ್ಲಿ ಇದನ್ನು ಬಿಡಬೇಡಿ. ಬಿಸಿಯಾದ ವಸ್ತು ಹೆಚ್ಚು ಶಾಖ ಹೊರಸೂಸುತ್ತದೆ. ವರ್ಧಕ ಲೂಪ್‌ಗಳಿದ್ದರೂ ತಾಪ ಎಲ್ಲೆಯಿಲ್ಲದೆ ಓಡದಂತೆ ಹಿಡಿದಿರುವುದು ಇದೇ.

[?] ಮೋಡ
ಕೆಳಮಟ್ಟದ ದಪ್ಪ ಮೋಡ →(−) ತಾಪ
ಎತ್ತರದ ತೆಳು ಮೋಡ →(+) ತಾಪ

ತಾಪದಿಂದ ಮೋಡಕ್ಕೆ ಚುಕ್ಕಿಗೆರೆ ಎಳೆಯಿರಿ. ಒಂದೇ ಗುರುತು ಹಾಕಿದರೆ ತಪ್ಪಾಗುತ್ತದೆ.

ಸಮುದ್ರ ಮಟ್ಟ
ತಾಪ →(+) ನೆಲದ ಮೇಲಿನ ಹಿಮದ ಕರಗುವಿಕೆ →(+) ಸಮುದ್ರ ಮಟ್ಟ
ತಾಪ →(+) ನೀರಿನ ಹಿಗ್ಗುವಿಕೆ →(+) ಸಮುದ್ರ ಮಟ್ಟ

ಎರಡೂ ತೆರೆದ ಸರಪಳಿಗಳು, ↺ ಇಲ್ಲ. [ವ1]ರ ಹಿಮದಿಂದ ಇಲ್ಲಿಗೆ ಬಾಣ ಎಳೆಯಬೇಡಿ: ತೇಲುವ ಹಿಮ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ಸರಿಸಿರುತ್ತದೆ, ಕರಗಿದರೂ ಮಟ್ಟ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.