ಸಂಸ್ಥೆಯ ಹೆಸರು ಮತ್ತು ಕಾನೂನು ಸ್ವರೂಪ ಬದಲಾಗಿರುವ ಕುರಿತು ಗ್ರಾಹಕರಿಗೆ ಪತ್ರ

ತಿಪಟೂರು
8 ಸೆಪ್ಟೆಂಬರ್ 2025

ಮಾನ್ಯ ಗ್ರಾಹಕರೇ,

ತಮ್ಮ ಅಂಗಡಿ, ಮಂಡಿ ಮತ್ತು ವೇಬ್ರಿಡ್ಜ್‌ಗಳ ತೂಕದ ಯಂತ್ರಗಳನ್ನು ಇಷ್ಟು ವರ್ಷ ನೋಡಿಕೊಂಡು ಬಂದಿರುವ ಪಾಲುದಾರಿಕೆ ಸಂಸ್ಥೆ ‘ಹೊಳೆಬಾಗಿಲು ಬ್ರದರ್ಸ್ ಸ್ಕೇಲ್ ವರ್ಕ್ಸ್’, 2025ರ ಆಗಸ್ಟ್ 18ರಂದು 2013ರ ಕಂಪನಿಗಳ ಕಾಯ್ದೆಯಡಿ ‘ಸಮತೋಲ ತೂಕಯಂತ್ರ ಪ್ರೈವೇಟ್ ಲಿಮಿಟೆಡ್’ ಎಂಬ ಹೆಸರಿನಲ್ಲಿ ಕಂಪನಿಯಾಗಿ ನೋಂದಣಿಯಾಗಿದೆ. ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ.

1991ರಲ್ಲಿ ನಮ್ಮ ತಂದೆಯವರು ಮತ್ತು ಚಿಕ್ಕಪ್ಪನವರು ಈ ಕೆಲಸ ಆರಂಭಿಸಿದರು. ಪಾಲುದಾರಿಕೆಯಲ್ಲಿ ಒಬ್ಬರು ನಿವೃತ್ತರಾದರೂ ಕರಾರುಪತ್ರವನ್ನು ಹೊಸದಾಗಿ ಬರೆಯಬೇಕು; ಬೇರೆ ಕರಾರಿಲ್ಲದಿದ್ದರೆ, ಒಬ್ಬ ಪಾಲುದಾರರು ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಚಿಕ್ಕಪ್ಪನವರು ಈ ವರ್ಷ ಕೆಲಸದಿಂದ ಬಿಡುವು ಪಡೆಯುತ್ತಿರುವುದರಿಂದ, ತಮಗೆ ಕೊಟ್ಟ ಮಾತು ವ್ಯಕ್ತಿಗಳ ವಯಸ್ಸಿನ ಮೇಲೆ ನಿಲ್ಲಬಾರದೆಂದು ಈ ತೀರ್ಮಾನಕ್ಕೆ ಬಂದೆವು. ಹೊರಗಿನವರು ಯಾರೂ ಬಂಡವಾಳ ಹಾಕಿಲ್ಲ, ಸಂಸ್ಥೆಯನ್ನು ಯಾರಿಗೂ ಮಾರಿಲ್ಲ.

ತಮ್ಮ ಲೆಕ್ಕಪತ್ರದವರು ಮುಖ್ಯವಾಗಿ ಗಮನಿಸಬೇಕಾದದ್ದು ಪ್ಯಾನ್ ಮತ್ತು ಜಿಎಸ್‌ಟಿ ಸಂಖ್ಯೆಗಳನ್ನು. ಪ್ಯಾನ್‌ನ ನಾಲ್ಕನೆಯ ಅಕ್ಷರ ಪಾಲುದಾರಿಕೆಗೆ ‘ಎಫ್’ ಇದ್ದರೆ ಕಂಪನಿಗೆ ‘ಸಿ’ ಇರುತ್ತದೆ, ಆದ್ದರಿಂದ ನಮ್ಮ ಪ್ಯಾನ್ ಹೊಸದು. ಜಿಎಸ್‌ಟಿ ಸಂಖ್ಯೆಯೊಳಗೆ ಪ್ಯಾನ್ ಸೇರಿರುವುದರಿಂದ ಅದೂ ಹೊಸದು. ಇವೆರಡರ ಪ್ರಮಾಣಪತ್ರಗಳ ಪ್ರತಿಗಳನ್ನೂ ಲಗತ್ತಿಸಿದ್ದೇವೆ. ಇಂದಿನಿಂದ ನಾವು ಕೊಡುವ ಬಿಲ್ಲುಗಳನ್ನು ತಾವು ಹಳೆಯ ಸಂಖ್ಯೆಯಲ್ಲೇ ದಾಖಲಿಸಿದರೆ, ಪೋರ್ಟಲಿನಲ್ಲಿ ಲೆಕ್ಕ ತಾಳೆಯಾಗದೆ ತಮ್ಮ ಹೂಡುವಳಿ ತೆರಿಗೆ ಜಮೆಗೆ ತೊಡಕಾಗುತ್ತದೆ. ಟಿಡಿಎಸ್ ಕಡಿತ ಮಾಡುವವರು ಹೊಸ ಬಿಲ್ಲುಗಳಿಗೆ ಹೊಸ ಪ್ಯಾನ್ ಬಳಸಬೇಕೆಂದು ಕೋರುತ್ತೇವೆ. ಆಗಸ್ಟ್ 18ಕ್ಕೆ ಮುಂಚಿನ ಬಿಲ್ಲುಗಳು ಹಳೆಯ ಹೆಸರಿನಲ್ಲೇ ಇರಲಿ, ಅವನ್ನು ತಿದ್ದಿಸುವ ಅಗತ್ಯವಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಅಂಗಡಿಯವರು ಈ ವಿಷಯದಲ್ಲಿ ಏನೂ ಮಾಡಬೇಕಾಗಿಲ್ಲ.

ಬ್ಯಾಂಕ್ ಖಾತೆಯೂ ಕಂಪನಿಯ ಹೆಸರಿಗೆ ಬದಲಾಗಿದೆ. ಹೊಸ ಖಾತೆಯ ವಿವರವನ್ನು ನಮ್ಮ ಸಿಬ್ಬಂದಿ ಸಹಿ ಮತ್ತು ಮೊಹರಿರುವ ಪತ್ರದ ರೂಪದಲ್ಲಿ ಖುದ್ದಾಗಿ ತಂದುಕೊಡುತ್ತಾರೆ. ಫೋನಿನಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ನಾವು ಖಾತೆ ಸಂಖ್ಯೆಯನ್ನು ಕಳುಹಿಸುವುದಿಲ್ಲ. ಹೆಸರು ಬದಲಾದ ಸುದ್ದಿ ತಿಳಿದು ಮೋಸಗಾರರು ನಮ್ಮ ಹೆಸರಿನಲ್ಲಿ ಹಣ ಕೇಳುವ ಸಂಭವವಿದೆ. ಅಂಥ ಸಂದೇಶ ಬಂದರೆ, ದಯವಿಟ್ಟು ಹಣ ಹಾಕುವ ಮುನ್ನ ತಮ್ಮಲ್ಲಿ ಮೊದಲಿನಿಂದಲೂ ಇರುವ ನಮ್ಮ ಅಂಗಡಿಯ ಸಂಖ್ಯೆಗೇ ಕರೆ ಮಾಡಿ ವಿಚಾರಿಸಿ. ಹಳೆಯ ಬಾಕಿಗಳ ಪಾವತಿಗಾಗಿ ಹಳೆಯ ಖಾತೆಯನ್ನು ಡಿಸೆಂಬರ್ 31ರವರೆಗೆ ತೆರೆದಿಡುತ್ತೇವೆ.

ವಾರ್ಷಿಕ ನಿರ್ವಹಣೆಯ ಒಪ್ಪಂದಗಳು ಅವುಗಳ ಅವಧಿ ಮುಗಿಯುವವರೆಗೆ ಅದೇ ದರದಲ್ಲಿ, ಅದೇ ಷರತ್ತುಗಳೊಂದಿಗೆ ಮುಂದುವರಿಯುತ್ತವೆ. ಕಾಯ್ದೆಯ ಪ್ರಕಾರ ನೋಂದಣಿಯಾದೊಡನೆ ಪಾಲುದಾರಿಕೆಯ ಆಸ್ತಿ, ಹಕ್ಕು ಮತ್ತು ಹೊಣೆಗಳು ಕಂಪನಿಗೆ ಸೇರುವುದರಿಂದ, ತಾವು ಕೊಟ್ಟ ಮುಂಗಡ, ನಾವು ಕೊಟ್ಟ ವಾರಂಟಿ, ಇನ್ನೂ ಇತ್ಯರ್ಥವಾಗದ ದೂರುಗಳು ಎಲ್ಲವೂ ಈಗ ಕಂಪನಿಯ ಹೊಣೆಯೇ. ‘ಲಿಮಿಟೆಡ್’ ಎಂಬ ಪದವನ್ನು ನೋಡಿ ಹಳೆಯ ಹೊಣೆಗೆ ಮಿತಿ ಬಂತೇ ಎಂದು ಕೆಲವರು ಕೇಳಿದ್ದಾರೆ. ನೋಂದಣಿಗೆ ಮುಂಚಿನ ಸಾಲ ಮತ್ತು ಬಾಧ್ಯತೆಗಳು ಈ ಬದಲಾವಣೆಯಿಂದ ಅಳಿಸಿಹೋಗುವುದಿಲ್ಲ. ಆಡಿಟ್‌ಗಾಗಿ ಲಿಖಿತ ದೃಢೀಕರಣ ಬೇಕಾದವರಿಗೆ ಒಂದು ಪುಟದ ಪೂರಕ ಪತ್ರವನ್ನು ಉಚಿತವಾಗಿ ಕೊಡುತ್ತೇವೆ.

ತಮ್ಮ ಯಂತ್ರಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆ ಹಾಕಿರುವ ಮುದ್ರೆಗಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಮುದ್ರೆ ಇರುವುದು ಯಂತ್ರಕ್ಕೆ, ರಿಪೇರಿ ಮಾಡುವವರ ಹೆಸರಿಗಲ್ಲ. ತಂತಿಗೆ ಬಿಗಿದ ಸೀಸದ ಸೀಲಿನ ಮೇಲೆ ವರ್ಷದ ಜೊತೆಗೆ ಎ, ಬಿ, ಸಿ, ಡಿ ಎಂದು ಮೂರು ತಿಂಗಳಿಗೊಂದರಂತೆ ಅಕ್ಷರವಿರುತ್ತದೆ; ಎಲೆಕ್ಟ್ರಾನಿಕ್ ಯಂತ್ರಗಳಿಗೆ ಅಲ್ಲಿಂದ ಹನ್ನೆರಡು ತಿಂಗಳೊಳಗೆ ಮರುಪರಿಶೀಲನೆ ಆಗಬೇಕೆಂಬ ನಿಯಮ ಹಾಗೆಯೇ ಇದೆ. ಯಂತ್ರದ ಬದಿಯಲ್ಲಿರುವ ನಮ್ಮ ಹಳೆಯ ಸ್ಟಿಕ್ಕರನ್ನು ಕೀಳಲು ಹೋಗಿ ಸೀಲಿನ ತಂತಿಯನ್ನು ಮುಟ್ಟಬೇಡಿ. ಮುಂದಿನ ಭೇಟಿಯಲ್ಲಿ ನಾವೇ ಬದಲಿಸುತ್ತೇವೆ.

ರಿಪೇರಿ ಮಾಡುವವರ ಲೈಸೆನ್ಸ್ ಮಾತ್ರ ಹೆಸರಿನೊಂದಿಗೆ ತಾನಾಗಿ ವರ್ಗವಾಗುವಂಥದ್ದಲ್ಲ. ಕಂಪನಿಯ ಹೆಸರಿನಲ್ಲಿ ಹೊಸ ಲೈಸೆನ್ಸ್ ಕೈಸೇರುವವರೆಗೆ, ಅಂದರೆ ಕಳೆದ ಮೂರು ವಾರ, ನಾವು ಒಂದು ಯಂತ್ರವನ್ನೂ ಬಿಚ್ಚಲಿಲ್ಲ. ಆ ದಿನಗಳಲ್ಲಿ ಕೊಬ್ಬರಿ ಹರಾಜಿನ ದಿನವೇ ತಕ್ಕಡಿ ಕೆಟ್ಟು, ನಾವು ಬರಲಾಗದೆ, ಪಕ್ಕದ ಮಂಡಿಯ ಯಂತ್ರದಲ್ಲಿ ತೂಗಿಸಿಕೊಳ್ಳಬೇಕಾಗಿ ಬಂದವರಲ್ಲಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಅವರ ಒಪ್ಪಂದದ ಅವಧಿಯನ್ನು ಒಂದು ತಿಂಗಳು ವಿಸ್ತರಿಸಿದ್ದೇವೆ. ಇಂದಿನಿಂದ ಕೆಲಸ ಎಂದಿನಂತೆ ನಡೆಯುತ್ತದೆ.

ಅಂಗಡಿಯ ಜಾಗ, ಫೋನ್ ಸಂಖ್ಯೆ, ತಮ್ಮಲ್ಲಿಗೆ ಬರುವ ಮೆಕ್ಯಾನಿಕ್‌ಗಳು ಯಾರೂ ಯಾವುದೂ ಬದಲಾಗಿಲ್ಲ. ಸಂದೇಹವಿದ್ದರೆ ಭಾನುವಾರ ಬಿಟ್ಟು ಯಾವುದೇ ದಿನ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಅಂಗಡಿಗೆ ಬನ್ನಿ, ಮೂಲ ದಾಖಲೆಗಳನ್ನೇ ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,

ವ್ಯವಸ್ಥಾಪಕ ನಿರ್ದೇಶಕರು
ಸಮತೋಲ ತೂಕಯಂತ್ರ ಪ್ರೈವೇಟ್ ಲಿಮಿಟೆಡ್
(ಹಿಂದೆ ಹೊಳೆಬಾಗಿಲು ಬ್ರದರ್ಸ್ ಸ್ಕೇಲ್ ವರ್ಕ್ಸ್)

ಲಗತ್ತು: ಕಂಪನಿ ನೋಂದಣಿ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ ನೋಂದಣಿ ಮತ್ತು ರಿಪೇರಿ ಲೈಸೆನ್ಸ್‌ನ ಪ್ರತಿಗಳು